ಅಪ್‌ಡೇಟ್: ಒಂಟಿಯಾಗಿ ಸೊನ್ನೆ, ಜೊತೆಗಿದ್ದರೆ ಮೈನಸ್

ನನ್ನ ಪ್ರಶ್ನೆ ಇದು: "ರಿಪೇರಿ ಕೌಶಲಕ್ಕೂ ಓದುವ ಸಾಮರ್ಥ್ಯಕ್ಕೂ ಸಹಸಂಬಂಧ 0. ಆದರೆ ಮೆಕ್ಯಾನಿಕ್ ಲಿಖಿತ ಪರೀಕ್ಷೆಯ ಅಂಕವನ್ನು ಮಾಡೆಲ್‌ಗೆ ಸೇರಿಸಿದರೆ ಓದು ಮೈನಸ್ ಆಗಿ ಎದ್ದು ಕಾಣುತ್ತದೆ. ಡೇಟಾ ತಪ್ಪಾ?"

ಡೇಟಾ ಸರಿ ಇದೆ. ಓದು ಇಲ್ಲಿ ಸಪ್ರೆಸರ್, ಅಂದರೆ ಇನ್ನೊಂದು ಅಂಕದಲ್ಲಿ ಬೆರೆತ ಬೇಡದ ಪಾಲನ್ನು ಕಳೆದುಹಾಕುವ ಅಂಶ. ಲಿಖಿತ ಅಂಕದಲ್ಲಿ ಎರಡು ಸಂಗತಿ ಬೆರೆತಿವೆ: ಯಂತ್ರದ ತಿಳಿವಳಿಕೆ, ಪ್ರಶ್ನೆ ಓದುವ ಚುರುಕು. ಎರಡನೆಯದು ಸ್ಪ್ಯಾನರ್ ಹಿಡಿದಾಗ ಉಪಯೋಗಕ್ಕೆ ಬರಲ್ಲ, ಅಲ್ವಾ? ಓದನ್ನು ಸೇರಿಸಿದರೆ ಆ ಪಾಲು ಕಳೆದುಹೋಗುತ್ತದೆ. ಮೈನಸ್ ಬಂದಿದ್ದು ಅದಕ್ಕೇ. ಚೆನ್ನಾಗಿ ಓದುವವರು ಕೆಟ್ಟ ಮೆಕ್ಯಾನಿಕ್ ಅಂತಲ್ಲ! (ನಾನು ಹಾಗೇ ಬರೆಯಲು ಹೊರಟಿದ್ದೆ.) ಪಾಲ್ ಹಾರ್ಸ್ಟ್ 1941ರಲ್ಲಿ ಇದನ್ನು ವಿವರಿಸಿದ್ದರಂತೆ.

ಲೆಕ್ಕವನ್ನೂ ಕೈಯಲ್ಲಿ ಮಾಡಿದೆ. ಸಹಸಂಬಂಧಗಳು: ಲಿಖಿತ–ಕೌಶಲ 0.5, ಲಿಖಿತ–ಓದು 0.6, ಓದು–ಕೌಶಲ 0.

```
b_ಲಿಖಿತ = 0.5 / (1 - 0.36) = 0.78
b_ಓದು = (0 - 0.5*0.6) / 0.64 = -0.47
R² = 0.25 / 0.64 = 0.39
```

ಲಿಖಿತ ಮಾತ್ರ ಇದ್ದಾಗ R², ಅಂದರೆ ಕೌಶಲದ ಏರಿಳಿತದಲ್ಲಿ ಮಾಡೆಲ್ ವಿವರಿಸುವ ಪಾಲು, 0.25 ಇತ್ತು. ಲಿಖಿತ ಮತ್ತು ಓದು ಒಂದಕ್ಕೊಂದು ಎಷ್ಟು ಅಂಟಿಕೊಂಡಿವೆ ಅಂತ ಅಳೆಯುವ VIF ಬರೀ 1.56, ಹಾಗಾಗಿ ಇದು ಆ ಅಂಟಿನ, ಅಂದರೆ ಮಲ್ಟಿಕೊಲಿನಿಯಾರಿಟಿಯ, ಗಲಾಟೆ ಅಲ್ಲ. ಆದರೆ ಚಿಕ್ಕ ಸ್ಯಾಂಪಲ್‌ನಲ್ಲಿ ಇಂಥದ್ದು ಸುಮ್ನೆ ಆಕಸ್ಮಿಕವಾಗಿಯೂ ಬರಬಹುದು. ಮುಂದಿನ ಬ್ಯಾಚ್‌ನ ಡೇಟಾದಲ್ಲೂ ಮೈನಸ್ ಉಳಿಯುತ್ತದಾ ನೋಡಿಯೇ ವರದಿ ಬರೆಯುತ್ತೇನೆ.