ಪದಚರ್ಚೆ: ಲೆಕ್ಕದಲ್ಲಿದ್ದೂ ಕೈಯಲ್ಲಿಲ್ಲದ ಡಾಲರಿಗೆ ಏನನ್ನೋಣ?

ಸುಮಾ:
ಎಲ್ಲರಿಗೂ ನಮಸ್ಕಾರ. 1997ರ ಥಾಯ್ಲೆಂಡ್ ಬಿಕ್ಕಟ್ಟಿನ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಡಾಲರಿಗೆ ಸುಮಾರು 25 ಬಾತ್ ಎಂದು ಕಟ್ಟಿಟ್ಟಿದ್ದ ದರವನ್ನು ಜುಲೈ 2ರಂದು ಕೈಬಿಟ್ಟರು. ಅಲ್ಲಿನ ಕೇಂದ್ರ ಬ್ಯಾಂಕಿನ ಡಾಲರ್ ದಾಸ್ತಾನಿನ ಬಗ್ಗೆ ‘ಮೀಸಲು ಬರಿದಾಗಿತ್ತು’ ಎಂದು ಬರೆದೆ. ಆದರೆ ಜೂನ್ ಕೊನೆಯ ಅಧಿಕೃತ ಲೆಕ್ಕದಲ್ಲಿ 3,200 ಕೋಟಿ ಡಾಲರಿಗೂ ಜಾಸ್ತಿ ಇದೆ! ಇದನ್ನು ಬರಿದು ಅನ್ನಬಹುದಾ? ಇನ್ನೊಂದು, ‘ಸ್ಪೆಕ್ಯುಲೇಟಿವ್ ಅಟ್ಯಾಕ್’ಗೆ ‘ಸಟ್ಟಾ ದಾಳಿ’ ಸರಿಯಾಗುತ್ತಾ?

ರಾಘು:
ಸಟ್ಟಾ ದಾಳಿ ಚೆನ್ನಾಗಿದೆ. ಹೊರಗಿನ ದೊಡ್ಡ ಫಂಡುಗಳು ಸೇರಿಕೊಂಡು ಡಾಲರನ್ನೆಲ್ಲ ಹೊತ್ತೊಯ್ದವು, ಅಷ್ಟೇ ಕಥೆ. ‘ಬರಿದು’ ಅಂತಲೇ ಬರೆಯಿರಿ.

ಗಿರಿಜಾ:
ರಾಘು ಹೇಳಿದ್ದು ಅರ್ಧ ನಿಜ. ಫಂಡಿನವರು ಮಾಡಿದ್ದು ಹೀಗೆ: 25 ಕೋಟಿ ಬಾತ್ ಸಾಲ ತಗೊಂಡು ಮಾರಿದರೆ 1 ಕೋಟಿ ಡಾಲರ್ ಕೈಗೆ ಬರುತ್ತದೆ. ಮುಂದೆ ಡಾಲರಿಗೆ 32 ಬಾತ್ ಆಯಿತು ಅನ್ನಿ. 25 ಕೋಟಿ ಬಾತ್ ತೀರಿಸಲು 78 ಲಕ್ಷ ಡಾಲರ್ ಸಾಕು. ಉಳಿದ 22 ಲಕ್ಷದಲ್ಲಿ ಬಡ್ಡಿ ಕಳೆದು ಮಿಕ್ಕಿದ್ದು ಲಾಭ. ದರ ಕದಲದಿದ್ದರೆ ಬರೀ ಬಡ್ಡಿ ನಷ್ಟ.

ಆದರೆ ಓಡಿದವರು ಅವರೊಬ್ಬರೇ ಅಲ್ಲ. ಡಾಲರಿನಲ್ಲಿ ಸಾಲ ಮಾಡಿದ್ದ ಥಾಯ್ ಕಂಪನಿಗಳೂ ದರ ಬಿದ್ದರೆ ಸತ್ತೆವು ಅಂತ ಡಾಲರ್ ಕೊಳ್ಳಲು ಮುಗಿಬಿದ್ದವು. ಅವರನ್ನೂ ‘ದಾಳಿಕೋರರು’ ಅನ್ನುವುದಾ? ಅದಕ್ಕೇ ನನಗೆ ಆ ಪದ ಅಷ್ಟು ಹಿಡಿಸದು.

ರಾಘು:
ಒಪ್ಪಿದೆ. ಆದರೆ ಥಾಯ್ಲೆಂಡಿನ ಕೇಂದ್ರ ಬ್ಯಾಂಕು ಬಡ್ಡಿ ಏರಿಸಿದ್ದರೆ ಫಂಡಿನವರ ಲೆಕ್ಕವೇ ತಲೆಕೆಳಗಾಗುತ್ತಿತ್ತಲ್ಲ?

ಗಿರಿಜಾ:
ಸುಮಾ ಅವರ ಪ್ರಶ್ನೆಗೆ ಉತ್ತರ ಇರುವುದೇ ಅಲ್ಲಿ. ದರ ಕಾಯಲು ಬ್ಯಾಂಕ್ ಆಫ್ ಥಾಯ್ಲೆಂಡ್ ಡಾಲರ್ ಕೊಟ್ಟು ಬಾತ್ ಕೊಳ್ಳಬೇಕು. ಕೊಂಡಷ್ಟೂ ಪೇಟೆಯಲ್ಲಿ ಬಾತ್ ಕಡಿಮೆಯಾಗಿ ಬಡ್ಡಿ ತಾನೇ ಏರುತ್ತದೆ. ಅದನ್ನು ತಡೆದುಕೊಳ್ಳುವ ಸ್ಥಿತಿಯಲ್ಲಿ ದೇಶ ಇರಲಿಲ್ಲ. ಕಟ್ಟಡ, ಜಮೀನಿನ ಮೇಲೆ ಸಾಲ ಕೊಟ್ಟು ಕೂತಿದ್ದ ಫೈನಾನ್ಸ್ ಕಂಪನಿಗಳು ಆಗಲೇ ಏದುಸಿರು ಬಿಡುತ್ತಿದ್ದವು. ಜೂನ್ 27ರಂದು 16 ಕಂಪನಿಗಳ ವಹಿವಾಟು ನಿಲ್ಲಿಸಿದರು.

ಹಾಗಾಗಿ ಬ್ಯಾಂಕು ಸ್ವಾಪ್ ದಾರಿ ಹಿಡಿಯಿತು. ಇವತ್ತು ಬಾತ್ ಕೊಟ್ಟು ಡಾಲರ್ ತಗೊಳ್ಳುವುದು, ಕೆಲವು ತಿಂಗಳ ಮೇಲೆ ಮೊದಲೇ ಗೊತ್ತುಮಾಡಿದ ದರಕ್ಕೆ ಡಾಲರ್ ವಾಪಸ್ ಕೊಡುವುದು. ಬಾತ್ ಪೇಟೆಗೆ ಮರಳಿತು, ಬಡ್ಡಿ ಹತೋಟಿಗೆ ಬಂತು, ಖರ್ಚಾದ ಡಾಲರೂ ಲೆಕ್ಕದ ಪುಸ್ತಕಕ್ಕೆ ಬಂತು. ಆದರೆ ಅದು ಕೊಡಬೇಕಾದ ಡಾಲರ್. ಜೂನ್ ಕೊನೆಗೆ ಇಂಥ ಬಾಕಿಯೇ ಸುಮಾರು 2,900 ಕೋಟಿ. ಕಳೆದು ನೋಡಿ, ನಿಜಕ್ಕೂ ಕೈಯಲ್ಲಿದ್ದದ್ದು 300 ಕೋಟಿಯ ಆಸುಪಾಸು.

ಮೇ ತಿಂಗಳಲ್ಲಿ ಹೊರಗಿನವರಿಗೆ ಬಾತ್ ಸಾಲ ಕೊಡಬೇಡಿ ಎಂದು ಸ್ಥಳೀಯ ಬ್ಯಾಂಕುಗಳಿಗೆ ಹೇಳಿದ್ದರು. ದೇಶದ ಹೊರಗೆ ಬಾತ್ ಬಡ್ಡಿ ಗಗನಕ್ಕೇರಿ ಫಂಡಿನವರಿಗೆ ಜೋರಾಗಿಯೇ ಪೆಟ್ಟು ಬಿತ್ತು. ಆದರೆ ಅಷ್ಟರಲ್ಲಿ ಬಾಕಿ ಬೆಳೆದಾಗಿತ್ತು.

ದುಬೈಯಿಂದ ಹರೀಶ:
ನನ್ನ ಉಳಿತಾಯ ಎಲ್ಲಾ ದಿರ್ಹಮ್‌ನಲ್ಲಿದೆ. ಅದೂ ಡಾಲರಿಗೆ 3.6725 ಅಂತ ಕಟ್ಟಿದ್ದೇ ಅಲ್ವಾ? ಈಗಲೇ ಊರಿಗೆ ಕಳಿಸಿಬಿಡಲಾ?

ಗಿರಿಜಾ:
ಹರೀಶ ಅವರೇ, ಇಲ್ಲಿ ನಡೆಯುತ್ತಿರುವುದು ಪದದ ಚರ್ಚೆ! ಎಣ್ಣೆ ಮಾರಿ ಡಾಲರ್ ಗಳಿಸುವ ದೇಶಕ್ಕೂ, ವರ್ಷ ವರ್ಷವೂ ಹೊರಗಿನ ಸಾಲದಿಂದ ಕೊರತೆ ತುಂಬಿಸಿಕೊಳ್ಳುತ್ತಿದ್ದ ಆಗಿನ ಥಾಯ್ಲೆಂಡಿಗೂ ತುಂಬಾ ಫರಕಿದೆ. ಕಳಿಸಬೇಕಾ ಬೇಡವಾ ಅಂತ ಹೇಳುವಷ್ಟು ದೊಡ್ಡವಳಲ್ಲ ನಾನು.

ಸುಮಾ:
ಹಾಗಾದರೆ ಕೊಡಬೇಕಾದ ಡಾಲರಿಗೆ ‘ಒತ್ತೆಯಿಟ್ಟ ಮೀಸಲು’ ಅನ್ನಲಾ?

ಗಿರಿಜಾ:
ಒತ್ತೆ ಬೇಡ. ಸಾಲ ತೀರಿಸಿದರೆ ಒತ್ತೆಯ ಮಾಲು ವಾಪಸ್ ಬರುತ್ತದೆ. ಇಲ್ಲಿ ಡಾಲರ್ ಹೋಗಿಯೇ ಹೋಗುತ್ತದೆ, ದಿನ ಮಾತ್ರ ಮುಂದಿದೆ. ನಮ್ಮ ವ್ಯಾಪಾರಿಗಳ ‘ವಾಯಿದೆ’ ಇದೆಯಲ್ಲ, ‘ವಾಯಿದೆ ಬಾಕಿ’ ಅನ್ನಿ.

ರಾಘು:
ವಾಯಿದೆ ಅಂದರೆ ಈಗಿನ ಹುಡುಗರಿಗೆ ಕೋರ್ಟ್ ನೆನಪಾಗುತ್ತದೆ. ‘ಕೊಡಬೇಕಾದ ಡಾಲರ್’ ಸಾಲದಾ? ಮತ್ತೆ ಈ ಬಾಕಿ ಫಂಡಿನವರಿಗೆ ಗೊತ್ತಿತ್ತಾ?

ಗಿರಿಜಾ:
ಬ್ಯಾಂಕು ಅಂಕಿ ಹೇಳಿರಲಿಲ್ಲ. ಆಗಸ್ಟಿನಲ್ಲಿ ಐಎಂಎಫ್ ಸಾಲದ ಹೊತ್ತಿಗೆ ಬಾಯಿಬಿಟ್ಟರು, ಆಗಲೂ ಬಾಕಿ 2,340 ಕೋಟಿ ಡಾಲರ್. ಆದರೆ ಸ್ವಾಪ್‌ನಲ್ಲಿ ಎದುರಿಗೆ ಕೂತವರೂ ಬ್ಯಾಂಕುಗಳೇ. ತಾವು ಮಾಡಿದ ವ್ಯವಹಾರ ಅವುಗಳಿಗೆ ಗೊತ್ತಿರದೆ ಇರುತ್ತದೆಯೇ? ಒಟ್ಟು ಮೊತ್ತವನ್ನು ಯಾರು ಎಷ್ಟು ಸರಿಯಾಗಿ ಊಹಿಸಿದ್ದರು ಅನ್ನುವುದು ಬೇರೆ ಮಾತು.

ಸುಮಾ:
‘ಲೆಕ್ಕದಲ್ಲಿ 3,200 ಕೋಟಿ ಇದ್ದರೂ ವಾಯಿದೆ ಬಾಕಿ ಕಳೆದರೆ ಮೀಸಲು ಬಹುಪಾಲು ಬರಿದಾಗಿತ್ತು’ ಎಂದು ತಿದ್ದಿದೆ. ‘ದಾಳಿ’ಯನ್ನು ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ. ಒಳಗಿನವರ ಓಟವನ್ನೂ ಸೇರಿಸಿ ಹೇಳುವ ಪದ ಯಾರಿಗಾದರೂ ಹೊಳೆದರೆ ತಿಳಿಸಿ.