ಅಪ್‌ಡೇಟ್: ಬೀಜದ ನೋವಿಲ್ಲದ ಗಂಟು, ಸ್ಕ್ಯಾನ್ ಆಯ್ತು

ನಾನು ಕೇಳಿದ್ದು: "ಸ್ನಾನ ಮಾಡುವಾಗ ಎಡಗಡೆ ಬೀಜದ ಹತ್ತಿರ ಬಟಾಣಿಯಷ್ಟು ಗಂಟು ಕೈಗೆ ಸಿಕ್ತು, ನೋವಿಲ್ಲ. ಏನಿರಬಹುದು, ಎಷ್ಟು ಬೇಗ ತೋರಿಸಬೇಕು?"

ಕ್ಯಾನ್ಸರ್ ಅಲ್ಲ. ಬೀಜದ ಹಿಂಬದಿಗೆ ಅಂಟಿಕೊಂಡಿರುವ ಎಪಿಡಿಡೈಮಿಸ್ ಎಂಬ ನಾಳದಲ್ಲಿ ಆದ ನೀರುಗುಳ್ಳೆ. "ನೋವಿಲ್ಲ ಅಂತ ಸುಮ್ಮನಿರಬೇಡಿ, ಇದೇ ವಾರ ಯೂರಾಲಜಿಸ್ಟ್‌ಗೆ ತೋರಿಸಿ" ಅಂದವರ ಮಾತೇ ಸರಿ. ಕ್ಯಾನ್ಸರ್ ಗಂಟು ಕೂಡ ಸಾಮಾನ್ಯವಾಗಿ ನೋಯುವುದಿಲ್ಲವಂತೆ.

ಡಾಕ್ಟರ್ ಮೊದಲು ಬಲಗಡೆ, ಆಮೇಲೆ ಎಡಗಡೆ ಬೀಜವನ್ನು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಮೆಲ್ಲಗೆ ಉರುಳಿಸಿ ನೋಡಿದರು. ಗಂಟು ಮೇಲೆ, ಹಿಂದುಗಡೆ, ಬೀಜದಿಂದ ಬಿಡಿಯಾಗಿ ಸಿಗುತ್ತಿತ್ತು. ಬೀಜದ ಒಳಗೇ ಗಟ್ಟಿಯಾಗಿದ್ದರೆ, ಅಲ್ಲವೆಂದು ಖಚಿತವಾಗುವ ತನಕ ಕ್ಯಾನ್ಸರ್ ಎಂದೇ ನೋಡುತ್ತಾರೆ. ಕೈಯನ್ನಷ್ಟೇ ನಂಬದೆ ಅಲ್ಟ್ರಾಸೌಂಡ್ ಕೂಡ ಮಾಡಿಸಿದರು. ಅದರಲ್ಲಿ ನೀರು ಕಪ್ಪಗೆ, ಅಂಚು ನುಣ್ಣಗೆ ಕಂಡಿತು.

ಗಂಟಿಗೆ ಟಾರ್ಚ್ ಹಿಡಿದು ಬೆಳಕು ದಾಟುತ್ತದೆಯೇ ಎಂದು ನೋಡುವ ಉಪಾಯವನ್ನು ಮಾತ್ರ ನಂಬುವಂತಿಲ್ಲ. ಬೆಳಕು ದಾಟಿದರೆ ನೀರಿದೆ ಎಂದಷ್ಟೇ ಅರ್ಥ. ಬೀಜದ ಸುತ್ತ ನೀರು ತುಂಬಿದ್ದರೆ ಅದರ ಮರೆಯಲ್ಲಿ ಗಡ್ಡೆಯೂ ಇರಬಹುದು.

ನನಗೆ ಮೊದಲು ಗೊತ್ತಿಲ್ಲದಿದ್ದ ಸಂಗತಿ ಇದು: ಕ್ಯಾನ್ಸರ್ ಅನುಮಾನವಿದ್ದರೆ ಬೀಜದ ಚೀಲದ ಮೂಲಕ ಸೂಜಿ ಚುಚ್ಚಿ ಪರೀಕ್ಷಿಸುವುದಿಲ್ಲ, ಕಣಗಳು ಹರಡುವ ಭಯ. ರಕ್ತಪರೀಕ್ಷೆ ಮಾಡಿ, ತೊಡೆಸಂದಿಯಲ್ಲಿ ಕೊಯ್ದು ಇಡೀ ಬೀಜವನ್ನೇ ತೆಗೆಯುತ್ತಾರೆ.

ನನಗೆ ಔಷಧಿ, ಆಪರೇಷನ್ ಎರಡೂ ಬೇಡವಂತೆ. ದೊಡ್ಡದಾದರೆ ಅಥವಾ ನೋವು ಬಂದರೆ ಮತ್ತೆ ತೋರಿಸಬೇಕು.