ರಾತ್ರಿ ಲೋಡ್‌ನಲ್ಲಿ ಕಳೆದುಹೋಗುವ ಬಿಲ್‌ಗಳು: ಪುಣೆ, ಮುಂಬಯಿ, ಗೋವಾ ಕನ್ನಡಿಗರ ಡೇಟಾ ಬಳಗದ ಪ್ರಶ್ನೋತ್ತರ

ಭೋಸರಿಯ ಸದಸ್ಯ (ಬಿಡಿಭಾಗಗಳ ವ್ಯಾಪಾರ): ಮೇಡಂ, ಮಾರಾಟದ ಫ್ಯಾಕ್ಟ್ ಟೇಬಲ್‌ನಲ್ಲಿ ಒಂದು ಬಿಲ್‌ಗೆ ಒಂದು ಸಾಲು ಇಡಬೇಕೇ ಅಥವಾ ಬಿಲ್‌ನ ಒಂದೊಂದು ವಸ್ತುವಿಗೂ ಒಂದು ಸಾಲು ಇಡಬೇಕೇ? ನಮ್ಮಲ್ಲಿ ರಿಯಾಯಿತಿಯನ್ನು ಇಡೀ ಬಿಲ್‌ನ ಮೇಲೆ ಕೊಡುತ್ತಾರೆ.

ಮೇಡಂ (ಡೇಟಾ ವೇರ್‌ಹೌಸ್ ಎಂಜಿನಿಯರ್, ಪುಣೆ): ವಸ್ತುವಿಗೊಂದು ಸಾಲು ಇಡಿ. ಬಿಲ್‌ಗೊಂದೇ ಸಾಲು ಇಟ್ಟರೆ ಯಾವ ಬಿಡಿಭಾಗ ಎಷ್ಟು ಮಾರಾಟವಾಯಿತು ಎಂಬುದನ್ನು ಮುಂದೆಂದೂ ಕೇಳಲಾಗುವುದಿಲ್ಲ. ರಿಯಾಯಿತಿಯನ್ನು ಸಾಲುಗಳ ಮೊತ್ತಕ್ಕೆ ಅನುಗುಣವಾಗಿ ಹಂಚಿರಿ. 500, 300, 200 ರೂಪಾಯಿಗಳ ಮೂರು ಸಾಲುಗಳಿದ್ದು ಬಿಲ್‌ಗೆ 50 ರೂಪಾಯಿ ಬಿಟ್ಟಿದ್ದರೆ, ಅವುಗಳ ಪಾಲಿಗೆ 25, 15, 10 ಬರುತ್ತದೆ. ಹಂಚುವಾಗ ಉಳಿಯುವ ಪೈಸೆಗಳನ್ನು ದೊಡ್ಡ ಸಾಲಿಗೆ ಸೇರಿಸದಿದ್ದರೆ ಒಟ್ಟು ಮೊತ್ತ ಬಿಲ್‌ಗೆ ತಾಳೆಯಾಗುವುದಿಲ್ಲ.

ಮಾರ್ಕೆಟ್ ಯಾರ್ಡ್, ಪುಣೆಯ ಸದಸ್ಯ (ಮಸಾಲೆ ಸಗಟು ವ್ಯಾಪಾರಸ್ಥರಲ್ಲಿ ಡೇಟಾ ಕೆಲಸ): ನಮ್ಮದು ಪೋಸ್ಟ್‌ಗ್ರೆಸ್, ದಿನಕ್ಕೆ ಸುಮಾರು 900 ಬಿಲ್‌ಗಳು. ರಾತ್ರಿ 1:30ಕ್ಕೆ ಲೋಡ್ ಓಡುತ್ತದೆ. ಹಿಂದಿನ ಲೋಡ್‌ನಲ್ಲಿ ಸಿಕ್ಕ ಅತಿ ದೊಡ್ಡ `updated_at` ಅನ್ನು ಬರೆದಿಟ್ಟುಕೊಂಡು, ಅದಕ್ಕಿಂತ ಹೊಸ ಬಿಲ್‌ಗಳನ್ನು ಮಾತ್ರ ತರುತ್ತೇವೆ. ಲೋಡ್ ಒಮ್ಮೆಯೂ ದೋಷ ತೋರಿಸಿಲ್ಲ. ಆದರೂ ಪ್ರತಿ ತಿಂಗಳು ಲೆಕ್ಕಪತ್ರಕ್ಕಿಂತ ನಮ್ಮ ಮೊತ್ತ ಕಡಿಮೆ ಬರುತ್ತದೆ. ಜುಲೈನಲ್ಲಿ ಸರಿಪಡಿಸಲೆಂದು ಸಹೋದ್ಯೋಗಿಯೊಬ್ಬರು ಒಂದು ದಿನದ ಲೋಡನ್ನು ಎರಡನೇ ಸಲ ಓಡಿಸಿದರು, ಆಗ ಮೊತ್ತ ಹೆಚ್ಚಾಯಿತು.

ಮೇಡಂ: ಇದು ನನಗೆ ನಿಜವಾಗಿ ಚಿಂತೆಯಾದ ಪ್ರಶ್ನೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಮೊದಲು ಒಂದು ಮಾಹಿತಿ ಬೇಕು: ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ ಮೂಲ ಡೇಟಾಬೇಸಿಗೆ ಒಟ್ಟೊಟ್ಟಿಗೆ ಬಿಲ್‌ಗಳನ್ನು ಬರೆಯುವ ಕೆಲಸ ಬೇರೆ ಯಾವುದಾದರೂ ನಡೆಯುತ್ತದೆಯೇ?

ಮಾರ್ಕೆಟ್ ಯಾರ್ಡ್ ಸದಸ್ಯ: ಹೌದು ಮೇಡಂ. ವ್ಯಾನ್‌ಗಳಲ್ಲಿ ಹೋಗುವ ಮಾರಾಟಗಾರರ ಯಂತ್ರಗಳು ಹಗಲಿನ ಬಿಲ್‌ಗಳನ್ನು ರಾತ್ರಿ ಕಳುಹಿಸುತ್ತವೆ. 1:15ರಿಂದ 1:40ರವರೆಗೆ, ಒಂದು ವ್ಯಾನಿನ ಬಿಲ್‌ಗಳೆಲ್ಲ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರುತ್ತವೆ. `updated_at` ತುಂಬುವುದು `now()`.

ಮೇಡಂ: ಹಾಗಾದರೆ ಕಾರಣ ಬಹುಮಟ್ಟಿಗೆ ಇಲ್ಲಿಯೇ ಇದೆ. ಪೋಸ್ಟ್‌ಗ್ರೆಸ್‌ನ `now()` ಕೊಡುವುದು ಟ್ರಾನ್ಸಾಕ್ಷನ್ ಆರಂಭವಾದ ಹೊತ್ತನ್ನು, ಅದು ಕಮಿಟ್ ಆದ ಹೊತ್ತನ್ನಲ್ಲ. ಒಂದು ವ್ಯಾನಿನ ಟ್ರಾನ್ಸಾಕ್ಷನ್ 1:27:10ಕ್ಕೆ ಆರಂಭವಾಗಿ 1:34ಕ್ಕೆ ಕಮಿಟ್ ಆಯಿತು ಎಂದುಕೊಳ್ಳಿ. ಅದರ ಬಿಲ್‌ಗಳೆಲ್ಲದರ ಮೇಲೆ 1:27:10 ಎಂದೇ ಬರೆದಿರುತ್ತದೆ. ನಿಮ್ಮ ಲೋಡ್ 1:30ಕ್ಕೆ ಓದುವಾಗ ಅವು ಇನ್ನೂ ಕಮಿಟ್ ಆಗಿರದ ಕಾರಣ ಅದಕ್ಕೆ ಕಾಣುವುದಿಲ್ಲ. ಅದೇ ವೇಳೆಗೆ ಇನ್ನೊಂದು ಚಿಕ್ಕ ಬಿಲ್ 1:29:41ಕ್ಕೆ ಬಂದು ಕಮಿಟ್ ಆಗಿರುತ್ತದೆ, ಲೋಡ್ ಅದನ್ನೇ ಗುರುತಾಗಿ ಬರೆದಿಟ್ಟುಕೊಳ್ಳುತ್ತದೆ. ಮರುದಿನ ರಾತ್ರಿ 1:29:41ಕ್ಕಿಂತ ಹೊಸದನ್ನು ಮಾತ್ರ ಕೇಳಿದಾಗ, 1:27:10ರ ಬಿಲ್‌ಗಳು ಆ ಗೆರೆಯ ಹಿಂದೆ ಉಳಿದುಬಿಡುತ್ತವೆ. ಯಾರಾದರೂ ಆ ಬಿಲ್ಲನ್ನು ಮತ್ತೆ ತಿದ್ದುವವರೆಗೆ ಅವು ನಿಮ್ಮ ಫ್ಯಾಕ್ಟ್‌ಗೆ ಬರುವುದಿಲ್ಲ. ದೋಷ ಕಾಣದಿರುವುದಕ್ಕೂ ಇದೇ ಕಾರಣ: ಲೋಡ್ ತನಗೆ ಹೇಳಿದ್ದನ್ನು ತಪ್ಪದೆ ಮಾಡಿದೆ.

ನನ್ನ ಮಾತನ್ನು ನಂಬುವ ಮೊದಲು ಪರೀಕ್ಷಿಸಿ ನೋಡಿ. ಮೂಲದ ಬಿಲ್‌ಗಳ ಪಟ್ಟಿಯನ್ನು ವೇರ್‌ಹೌಸ್‌ಗೆ ತಂದು ಹೀಗೆ ಹೋಲಿಸಿ:

```sql
SELECT b.bill_id, b.updated_at
FROM src_bill b
LEFT JOIN fact_sales f ON f.bill_id = b.bill_id
WHERE f.bill_id IS NULL
ORDER BY b.updated_at::time;
```

ಕಾಣೆಯಾದ ಬಿಲ್‌ಗಳು 1:30ಕ್ಕೆ ಸ್ವಲ್ಪ ಮುಂಚಿನ ಹೊತ್ತಿನಲ್ಲೇ ಗುಂಪುಗೂಡಿದ್ದರೆ ನಾನು ಹೇಳಿದ ಕಾರಣವೇ ಸರಿ. ಅವು ಇಡೀ ದಿನದಲ್ಲಿ ಚದುರಿದ್ದರೆ ಕಾರಣ ಬೇರೆ ಇದೆ.

ಪರಿಹಾರ ಎರಡು ಭಾಗಗಳಲ್ಲಿದೆ, ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಹಾನಿಯೇ ಆಗುತ್ತದೆ. ಬರೆದಿಟ್ಟ ಗುರುತಿನಿಂದ ಎರಡು ದಿನ ಹಿಂದಕ್ಕೆ ಹೋಗಿ ಓದಿರಿ. ನಿಮ್ಮ ಅತಿ ಉದ್ದದ ಟ್ರಾನ್ಸಾಕ್ಷನ್ ಅರ್ಧ ಗಂಟೆಯನ್ನೂ ಮೀರುವುದಿಲ್ಲವಾದ್ದರಿಂದ ಇಷ್ಟು ಸಾಕಷ್ಟಾಯಿತು, ಮತ್ತು ಎರಡು ಸಾವಿರದಷ್ಟು ಬಿಲ್‌ಗಳನ್ನು ಮತ್ತೆ ಓದುವುದು ಡೇಟಾಬೇಸಿಗೆ ಭಾರವಲ್ಲ. ಆದರೆ ಹೀಗೆ ಓದಿದ ಬಿಲ್‌ಗಳಲ್ಲಿ ಹೆಚ್ಚಿನವು ಫ್ಯಾಕ್ಟ್‌ನಲ್ಲಿ ಆಗಲೇ ಇರುತ್ತವೆ. ಸುಮ್ಮನೆ ಸೇರಿಸಿದರೆ ನಿಮ್ಮ ಸಹೋದ್ಯೋಗಿ ಮಾಡಿದಂತೆಯೇ ಎರಡೆರಡು ಸಲ ಎಣಿಕೆಯಾಗುತ್ತದೆ. ಆದ್ದರಿಂದ ಓದಿದ ಪ್ರತಿ ಬಿಲ್ಲಿನ ಹಳೆಯ ಸಾಲುಗಳನ್ನು ಅಳಿಸಿ, ಹೊಸದನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸೇರಿಸಿರಿ:

```sql
BEGIN;
DELETE FROM fact_sales f
USING stg_bill s
WHERE f.bill_id = s.bill_id;

INSERT INTO fact_sales
SELECT * FROM stg_fact_sales;
COMMIT;
```

ಇಲ್ಲಿ `stg_bill` ಎಂದರೆ ಈ ರಾತ್ರಿ ಓದಿದ ಬಿಲ್‌ಗಳು, `stg_fact_sales` ಎಂದರೆ ಅವುಗಳ ಎಲ್ಲ ಸಾಲುಗಳು, ಡೈಮೆನ್ಶನ್ ಕೀಗಳು ತುಂಬಿದ ಮೇಲೆ. ಹೀಗೆ ಬರೆದ ಲೋಡನ್ನು ಒಂದೇ ರಾತ್ರಿಯಲ್ಲಿ ಐದು ಸಲ ಓಡಿಸಿದರೂ ಮೊತ್ತ ಬದಲಾಗುವುದಿಲ್ಲ. ಒಂದು ಬಿಲ್ಲಿನಿಂದ ಯಾವುದಾದರೂ ಸಾಲನ್ನು ತೆಗೆದಿದ್ದರೆ ಅದೂ ಫ್ಯಾಕ್ಟ್‌ನಿಂದ ಹೋಗುತ್ತದೆ, ಆದರೆ ಸಾಲನ್ನು ತಿದ್ದಿದಾಗ ಬಿಲ್ಲಿನ `updated_at` ಕೂಡ ಬದಲಾಗುತ್ತಿರಬೇಕು, ಅದನ್ನು ನೋಡಿಕೊಳ್ಳಿ. ಮೂಲದಲ್ಲಿ ಇಡೀ ಬಿಲ್ಲನ್ನೇ ಅಳಿಸಿದರೆ ಈ ವಿಧಾನಕ್ಕೆ ತಿಳಿಯುವುದಿಲ್ಲ. ಅದಕ್ಕಾಗಿ ವಾರಕ್ಕೊಮ್ಮೆ ಬಿಲ್ ಸಂಖ್ಯೆಗಳ ಪಟ್ಟಿಯನ್ನು ಎರಡೂ ಕಡೆಯಿಂದ ಹೋಲಿಸಲೇಬೇಕು.

ತಿಂಗಳ ಮೊತ್ತವನ್ನು ಮಾತ್ರ ತಾಳೆ ನೋಡಬೇಡಿ. ಜುಲೈನಲ್ಲಿ ನಿಮ್ಮ ಕಾಣೆಯಾದ ಬಿಲ್‌ಗಳನ್ನು ಇಮ್ಮಡಿ ಎಣಿಕೆ ಮುಚ್ಚಿಬಿಟ್ಟಿತು. ಪ್ರತಿದಿನದ ಬಿಲ್‌ಗಳ ಸಂಖ್ಯೆಯನ್ನೂ ಮೊತ್ತವನ್ನೂ ಬೇರೆ ಬೇರೆಯಾಗಿ ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಡೊಂಬಿವಲಿ ಸದಸ್ಯ: ಇಷ್ಟೆಲ್ಲ ಕಷ್ಟವೇಕೆ? ಪ್ರತಿ ರಾತ್ರಿ ವೇರ್‌ಹೌಸ್‌ನ ಎಲ್ಲ ಟೇಬಲ್‌ಗಳನ್ನೂ ಖಾಲಿ ಮಾಡಿ ಮೊದಲಿನಿಂದ ತುಂಬಿದರೆ ಯಾವ ಬಿಲ್ಲೂ ತಪ್ಪುವುದಿಲ್ಲ. ನಾನು ಆರು ವರ್ಷಗಳಿಂದ ಹಾಗೆಯೇ ಮಾಡುತ್ತಿದ್ದೇನೆ.

ವಾಸ್ಕೊ ಸದಸ್ಯ: ಅದು ಕಲಿಯುವವರು ಮಾಡುವ ಕೆಲಸ, ಅಣ್ಣ. ದೊಡ್ಡ ಡೇಟಾ ಬಂದಾಗ ನಿಮ್ಮ ಲೋಡ್ ಬೆಳಗಾದರೂ ಮುಗಿಯುವುದಿಲ್ಲ.

ಡೊಂಬಿವಲಿ ಸದಸ್ಯ: ದಿನಕ್ಕೆ 900 ಬಿಲ್ ದೊಡ್ಡ ಡೇಟಾ ಅಲ್ಲ. ಬಿಲ್ಲಿಗೆ ಹನ್ನೆರಡು ಸಾಲು ಎಂದರೂ ವರ್ಷಕ್ಕೆ ನಲವತ್ತು ಲಕ್ಷ ಸಾಲು ಮುಟ್ಟುವುದಿಲ್ಲ. ಲೆಕ್ಕ ಹಾಕಿ ಮಾತನಾಡಿ.

ಮೇಡಂ: ಡೊಂಬಿವಲಿಯವರ ಲೆಕ್ಕ ಸರಿಯಾಗಿದೆ, ಇಷ್ಟು ಸಾಲುಗಳ ಫ್ಯಾಕ್ಟನ್ನು ಪೂರ್ತಿಯಾಗಿ ತುಂಬಬಹುದು. ಆದರೆ "ಎಲ್ಲ ಟೇಬಲ್‌ಗಳನ್ನೂ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಾರಾಟಗಾರರ ಹಳೆಯ ಪ್ರದೇಶವನ್ನು ಮೂಲ ಡೇಟಾಬೇಸ್ ಉಳಿಸಿಕೊಳ್ಳುವುದಿಲ್ಲ, ಅದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಡೈಮೆನ್ಶನ್ ಟೇಬಲ್ಲನ್ನು ಖಾಲಿ ಮಾಡಿದ ರಾತ್ರಿಯೇ ಆ ಇತಿಹಾಸ ಹೋಗುತ್ತದೆ, ಅದನ್ನು ಮತ್ತೆ ಎಲ್ಲಿಂದಲೂ ತರಲಾಗುವುದಿಲ್ಲ.

ಮಡಗಾಂವ್ ಸದಸ್ಯೆ: ನಮ್ಮಲ್ಲಿ ಇದೇ ಆಗಿದೆ ಮೇಡಂ. ಫೋಂಡಾದಲ್ಲಿದ್ದ ಮಾರಾಟಗಾರರೊಬ್ಬರು ಜುಲೈ 1ರಂದು ಮಡಗಾಂವ್‌ಗೆ ಬಂದರು. ಈಗ ಅವರ ಜೂನ್ ಮಾರಾಟವೂ ಮಡಗಾಂವ್‌ನದೆಂದೇ ಕಾಣುತ್ತಿದೆ.

ಮೇಡಂ: ಒಬ್ಬ ಮಾರಾಟಗಾರನಿಗೆ ಎರಡು ಸಾಲು ಇಡಿ: ಫೋಂಡಾದ ಸಾಲು ಜುಲೈ 1ಕ್ಕೆ ಮುಗಿಯಲಿ, ಮಡಗಾಂವ್‌ನದು ಅಂದೇ ಆರಂಭವಾಗಲಿ, ಎರಡಕ್ಕೂ ಬೇರೆ ಬೇರೆ ಕೀ ಇರಲಿ. ಫ್ಯಾಕ್ಟ್ ತುಂಬುವಾಗ ಬಿಲ್ಲಿನ ದಿನಾಂಕವನ್ನು ನೋಡಿ ಸಾಲನ್ನು ಆರಿಸಿ:

```sql
LEFT JOIN dim_salesman d
  ON d.salesman_id = l.salesman_id
 AND l.bill_date >= d.valid_from
 AND l.bill_date <  d.valid_to
```

ದಿನಾಂಕದ ಷರತ್ತನ್ನು ಮರೆತರೆ ಆ ಮಾರಾಟಗಾರನ ಪ್ರತಿ ಬಿಲ್ಲೂ ಎರಡಾಗುತ್ತದೆ. ಕೊನೆಯ ಷರತ್ತಿನಲ್ಲಿ `<` ಬದಲು `<=` ಬರೆದರೆ ಜುಲೈ 1ರ ಬಿಲ್‌ಗಳು ಮಾತ್ರ ಎರಡಾಗುತ್ತವೆ, ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ಜೂನ್ ಬಿಲ್‌ಗಳ ಕೀಯನ್ನು ಈಗಲೇ ಒಮ್ಮೆ ಸರಿಪಡಿಸಿ.

ಮಡಗಾಂವ್ ಸದಸ್ಯೆ: ಜೂನ್‌ನಲ್ಲಿ ಫೋಂಡಾದಲ್ಲಿ ಮಾರಿದ ಸರಕು ಜುಲೈನಲ್ಲಿ ವಾಪಸ್ ಬಂದರೆ ಅದನ್ನು ಯಾವ ಪ್ರದೇಶದಿಂದ ಕಳೆಯಬೇಕು?

ವಾಸ್ಕೊ ಸದಸ್ಯ: ವಾಪಸಾತಿಯ ದಿನಾಂಕದ ಪ್ರಕಾರ ಮಡಗಾಂವ್‌ನಿಂದ. ಇದರಲ್ಲಿ ಕೇಳುವುದೇನಿದೆ?

ಡೊಂಬಿವಲಿ ಸದಸ್ಯ: ಮಾರಿದ್ದು ಫೋಂಡಾ, ಕಳೆಯುವುದು ಮಡಗಾಂವ್‌ನಿಂದಲೇ? ಹಾಗಾದರೆ ಮಡಗಾಂವ್‌ನವರ ಪ್ರೋತ್ಸಾಹಧನವನ್ನು ನೀವು ತುಂಬಿಕೊಡುತ್ತೀರಾ?

ವಾಸ್ಕೊ ಸದಸ್ಯ: ನಾನು ಡೇಟಾದ ಬಗ್ಗೆ ಹೇಳುತ್ತಿದ್ದೇನೆ, ಪ್ರೋತ್ಸಾಹಧನದ ಬಗ್ಗೆ ಅಲ್ಲ.

ಮೇಡಂ: ಇದನ್ನು ನಿಮ್ಮ ಮಾರಾಟ ವಿಭಾಗದವರು ಬರವಣಿಗೆಯಲ್ಲಿ ತೀರ್ಮಾನಿಸಿ ಕೊಡಬೇಕು. ಅಲ್ಲಿಯವರೆಗೆ ವಾಪಸಾತಿಯ ಸಾಲಿನಲ್ಲಿ ಮೂಲ ಬಿಲ್ಲಿನ ಸಂಖ್ಯೆಯನ್ನು ಉಳಿಸಿಕೊಳ್ಳಿ, ಆಗ ಎರಡೂ ರೀತಿಯಲ್ಲಿ ಲೆಕ್ಕ ತೆಗೆಯಬಹುದು.

ಗೋರೆಗಾಂವ್ ಸದಸ್ಯ: ಇದಕ್ಕೆ ಯಾವ ಟೂಲ್ ಒಳ್ಳೆಯದು?

ಮೇಡಂ: ಮೇಲಿನದನ್ನು ಯಾವ ಟೂಲ್‌ನಲ್ಲಾದರೂ ಬರೆಯಬಹುದು.

ಪಣಜಿ ಸದಸ್ಯ: ನಮ್ಮದು ಹೋಟೆಲ್, ರಾತ್ರಿ ಎರಡರವರೆಗೆ ತೆರೆದಿರುತ್ತದೆ. ಮಧ್ಯರಾತ್ರಿಯ ನಂತರದ ಬಿಲ್‌ಗಳು ಮರುದಿನಕ್ಕೆ ಹೋಗುತ್ತಿವೆ. ನೀವು ಹೇಳಿದಂತೆ ಎರಡು ದಿನ ಹಿಂದಕ್ಕೆ ಓದಿದೆ, ಸರಿಯಾಗಲಿಲ್ಲ.

ಮೇಡಂ: ಸರಿಯಾಗುವುದಿಲ್ಲ, ಅದು ಈ ತೊಂದರೆಯಲ್ಲ. ವ್ಯವಹಾರದ ದಿನ ಎಂದು ಬೇರೆ ಅಂಕಣ ಇಟ್ಟು, ಬೆಳಗಿನ ನಾಲ್ಕರವರೆಗಿನ ಬಿಲ್ಲನ್ನು ಹಿಂದಿನ ದಿನಕ್ಕೆ ಬರೆಯಿರಿ. ಮೂಲದ ಸಮಯ ಯುಟಿಸಿಯಲ್ಲಿದ್ದರೆ ಮೊದಲು ಐದೂವರೆ ಗಂಟೆ ಕೂಡಿಸಿ.

ಗೋರೆಗಾಂವ್ ಸದಸ್ಯ: ಬೇರೆ ಗುಂಪಿನಿಂದ ಬಂದ ಸಂದೇಶ: "ರಾತ್ರಿ ಲೋಡ್ ವೇಗವಾಗಿ ಮುಗಿಯಲು ಎಲ್ಲ ಕ್ವೆರಿಗಳಿಗೂ `WITH (NOLOCK)` ಸೇರಿಸಿ, ಬಿಲ್ ತಪ್ಪುವುದೂ ನಿಲ್ಲುತ್ತದೆ."

ಮೇಡಂ: ದಯವಿಟ್ಟು ಇದನ್ನು ಯಾರೂ ಬಳಸಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ ಬರೆಯುವಂತೆಯೇ ಇಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದನ್ನು ಬರೆದರೆ ಕಮಿಟ್ ಆಗದ ಬಿಲ್‌ಗಳನ್ನೂ ಓದುತ್ತದೆ. ಆ ಟ್ರಾನ್ಸಾಕ್ಷನ್ ರದ್ದಾದರೆ ಎಂದೂ ಇಲ್ಲದ ಮಾರಾಟ ನಿಮ್ಮ ಫ್ಯಾಕ್ಟ್‌ನಲ್ಲಿ ಕುಳಿತಿರುತ್ತದೆ. ಓದುವ ಹೊತ್ತಿನಲ್ಲಿ ಸಾಲುಗಳು ಸ್ಥಳ ಬದಲಿಸಿದರೆ ಕೆಲವು ಎರಡು ಸಲ ಬರುತ್ತವೆ, ಕೆಲವು ಬರುವುದೇ ಇಲ್ಲ. ಹಣದ ಲೆಕ್ಕಕ್ಕೆ ಸಂಬಂಧಿಸಿದ ಇಂಥ ಸಂದೇಶಗಳನ್ನು ಪರೀಕ್ಷಿಸದೆ ಇಲ್ಲಿಗೆ ಕಳುಹಿಸಬೇಡಿ.

ಭೋಸರಿ ಸದಸ್ಯ: ದಾಸ್ತಾನನ್ನೂ ಇದೇ ಫ್ಯಾಕ್ಟ್‌ನಲ್ಲಿ ಇಡಬಹುದೇ?

ಗೋರೆಗಾಂವ್ ಸದಸ್ಯ: ಸಂದೇಶ ಕಳುಹಿಸಿದವರು ಹದಿನೈದು ವರ್ಷ ಅನುಭವವಿರುವವರು. ಒಮ್ಮೆ ಪ್ರಯತ್ನಿಸಿದರೆ ತಪ್ಪೇನು?

ಮೇಡಂ: ತಪ್ಪೇನೆಂದು ಮೇಲೆ ಬರೆದಿದ್ದೇನೆ. ಓದಿ.

ವಾಸ್ಕೊ ಸದಸ್ಯ: ಕೆಲವರಿಗೆ ಓದುವ ಅಭ್ಯಾಸವೇ ಇಲ್ಲ.

ಗೋರೆಗಾಂವ್ ಸದಸ್ಯ: ನಿಮ್ಮನ್ನು ಯಾರೂ ಕೇಳಲಿಲ್ಲ.

ಮಾರ್ಕೆಟ್ ಯಾರ್ಡ್ ಸದಸ್ಯ: ಮೇಡಂ, ಜುಲೈ ತಿಂಗಳನ್ನು ನೀವು ಹೇಳಿದಂತೆ ಪರೀಕ್ಷಿಸಿದೆ. 31 ಬಿಲ್‌ಗಳು ಕಾಣೆಯಾಗಿವೆ. 27 ಬಿಲ್‌ಗಳ ಸಮಯ 1:16ರಿಂದ 1:29ರ ನಡುವೆ ಇದೆ, ಎಲ್ಲವೂ ವ್ಯಾನ್‌ಗಳವು. ಉಳಿದ ನಾಲ್ಕು ಹಗಲಿನವು: ಬೆಳಗ್ಗೆ ಹನ್ನೊಂದು, ಮಧ್ಯಾಹ್ನ ಎರಡು, ಹೀಗೆ.

ಮೇಡಂ: ಆ 27ರ ಕಾರಣ ಖಚಿತವಾಯಿತು. ನಾಲ್ಕರ ವಸ್ತು ಸಂಕೇತಗಳನ್ನು ನೋಡಿ. ಅಂದು ಹೊಸದಾಗಿ ಸೇರಿಸಿದ ವಸ್ತು ಡೈಮೆನ್ಶನ್‌ಗೆ ಇನ್ನೂ ಬಂದಿರದಿದ್ದು, ನಿಮ್ಮ ಕ್ವೆರಿಯಲ್ಲಿ ಬರಿಯ `JOIN` ಇದ್ದರೆ ಆ ಸಾಲು ಸದ್ದಿಲ್ಲದೆ ಬಿದ್ದುಹೋಗುತ್ತದೆ. `LEFT JOIN` ಮಾಡಿ, ಕೀ ಸಿಗದಿದ್ದಾಗ `-1` ತುಂಬಿ, ಆ ಕೀಗೆ "ಗೊತ್ತಿಲ್ಲದ ವಸ್ತು" ಎಂಬ ಒಂದು ಸಾಲನ್ನು ಡೈಮೆನ್ಶನ್‌ನಲ್ಲಿ ಇಡಿ. ಹಣ ಮೊತ್ತದಲ್ಲಿ ಉಳಿಯುತ್ತದೆ, ಹೆಸರನ್ನು ಮರುದಿನ ಸರಿಪಡಿಸಬಹುದು.

ಮಾರ್ಕೆಟ್ ಯಾರ್ಡ್ ಸದಸ್ಯ: ಮೂರರಲ್ಲಿ ಅದೇ ಆಗಿದೆ, ಪ್ರತಿಯೊಂದರಲ್ಲೂ ಇರುವುದು ಅಂದೇ ಸೇರಿಸಿದ ಒಂದೇ ವಸ್ತು. ನಾಲ್ಕನೆಯದರಲ್ಲಿ ಹಳೆಯ ವಸ್ತುಗಳೇ ಇವೆ, ಸಮಯ ಮಧ್ಯಾಹ್ನ 2:10.

ಮೇಡಂ: ಆ ಬಿಲ್ಲಿನ ಮಾರಾಟಗಾರ ಮತ್ತು ಗ್ರಾಹಕರ ಕೀಗಳನ್ನೂ ಹಾಗೆಯೇ ಪರೀಕ್ಷಿಸಿ. ಅವು ಸರಿಯಿದ್ದರೆ ಆ ರಾತ್ರಿಯ ಲೋಡ್‌ನ ಲಾಗನ್ನು ಇಲ್ಲಿ ಹಾಕಿ, ನೋಡುತ್ತೇನೆ.

ಭೋಸರಿ ಸದಸ್ಯ: ದಾಸ್ತಾನಿನ ಬಗ್ಗೆ ಎರಡನೇ ಸಲ ಕೇಳುತ್ತಿದ್ದೇನೆ.

ಮಾರ್ಕೆಟ್ ಯಾರ್ಡ್ ಸದಸ್ಯ: ಲಾಗ್‌ಗಳನ್ನು ಏಳೇ ದಿನ ಇಡುತ್ತೇವೆ ಮೇಡಂ. ಅದು ಅಳಿಸಿಹೋಗಿದೆ.